ವಿಮಾನ ಮುಂದೆ, ಸದ್ದು ಹಿಂದೆ

ಯಲಹಂಕ ವಾಯುನೆಲೆಯಲ್ಲಿ 2025ರ ಫೆಬ್ರುವರಿ 10ರಿಂದ 14ರವರೆಗೆ ಏರೋ ಇಂಡಿಯಾ ನಡೆಯಿತು. ಅದರ ಒಂದು ದಿನದ ಚಿತ್ರೀಕರಣ ಈ ಮಾತುಕತೆಯ ವಸ್ತು: ಎರಡು ಕ್ಯಾಮೆರಾ, ಒಂದು ಫೋನು, ಒಟ್ಟು ಮೂರೂವರೆ ಗಂಟೆಯ ಫೂಟೇಜ್. ಗೆಳೆಯನೊಬ್ಬನ ಜೊತೆ ಸೇರಿ ತೆಗೆದವನು ಎಂಜಿನಿಯರಿಂಗ್ ವಿದ್ಯಾರ್ಥಿ. ಅವನ ಕಾಲೇಜಿನ ವಿಮಾನಪ್ರಿಯರ ಬಳಗ ಇದರಿಂದ ಇಪ್ಪತ್ತು ನಿಮಿಷದ ಚಿತ್ರ ಮಾಡಿ ತೋರಿಸಲಿದೆ. ಅದಕ್ಕೆ ಮೊದಲು ಒಂದು ನಿಮಿಷದ ಟೀಸರ್ ಬೇಕು. ಎದುರಿಗೆ ಕೂತಾಕೆ ಆರ್.ಟಿ. ನಗರದ ಒಂದು ಪುಟ್ಟ ಕೋಣೆಯಲ್ಲಿ ವರ್ಷಗಳಿಂದ ಮದುವೆ, ನಾಟಕ, ಕಾಲೇಜು ಸಮಾರಂಭಗಳ ವಿಡಿಯೊ ಎಡಿಟ್ ಮಾಡುತ್ತಿರುವವರು.

— ಅಕ್ಕ, ನಾನೇ ಒಂದು ಕಟ್ ಮಾಡಿಕೊಂಡು ಬಂದಿದೀನಿ. ಬೀಟ್ ಬಿದ್ದ ಕಡೆಯೆಲ್ಲ ಕಟ್ ಹಾಕಿದೀನಿ. ಹೇಗಿದೆ?

— ಹತ್ತನೇ ಸೆಕೆಂಡಿಗೆ ಮುಂದಿನ ಕಟ್ ಎಲ್ಲಿ ಬೀಳುತ್ತೆ ಅಂತ ನಂಗೆ ಗೊತ್ತಾಗಿಹೋಯ್ತು. ಆಮೇಲಿನ ಐವತ್ತು ಸೆಕೆಂಡು ವಿಮಾನ ನೋಡಲಿಲ್ಲ, ಬೀಟ್ ಎಣಿಸ್ತಾ ಕೂತಿದ್ದೆ.

— ಆದ್ರೆ ಕೊನೆಕೊನೆಗೆ ವೇಗ ಜಾಸ್ತಿ ಮಾಡಿದೀನಲ್ಲ?

— ಮಾಡಿದೀಯ. ಮೊದಲು ಎರಡು ಸೆಕೆಂಡಿಗೊಂದು ಶಾಟ್, ಆಮೇಲೆ ಒಂದು ಸೆಕೆಂಡು, ಆಮೇಲೆ ಅರ್ಧ. ಅದು ನಲ್ಲಿ ತಿರುಗಿಸಿದ ಹಾಗೆ, ನೀರು ಜಾಸ್ತಿ ಬಂತು ಅಷ್ಟೇ. ನೋಡುವವರಿಗೆ ಏನೋ ಹತ್ತಿರ ಬರ್ತಿದೆ ಅನ್ನಿಸಬೇಕು. ಅದಕ್ಕೆ ಬರೋದು ಏನು ಅಂತ ನೀನು ಮೊದಲು ತೀರ್ಮಾನ ಮಾಡಬೇಕು. ಮಾಡಿದೀಯಾ?

— ಸೂರ್ಯಕಿರಣ್ ಅಂದ್ಕೊಂಡಿದೀನಿ. ಒಂಬತ್ತು ಹಾಕ್ ವಿಮಾನ ಒಟ್ಟಿಗೆ. ಆಕಾಶದಲ್ಲಿ ಹೊಗೆಯಿಂದ ಹೃದಯ ಬರೀತಾರಲ್ಲ, ಅದನ್ನ ಕೊನೆಗೆ ಇಟ್ಟಿದೀನಿ.

— ಹೃದಯ ಪೂರ್ತಿ ಬರೆದು ಮುಗಿಸಿ, ಮೇಲೆ ಚಪ್ಪಾಳೆ ಬೇರೆ ಹಾಕಿದೀಯ. ಅದನ್ನ ನೋಡಿದವನು ಇಪ್ಪತ್ತು ನಿಮಿಷದ ಚಿತ್ರಕ್ಕೆ ಯಾಕೆ ಬರ್ತಾನೆ? ನೀನು ಮಾಡಿರೋದು ಹೈಲೈಟ್ಸ್. ಕ್ರಿಕೆಟ್ ಮುಗಿದ ರಾತ್ರಿ ಹಾಕ್ತಾರಲ್ಲ, ಅಂಥದ್ದು. ಅದಕ್ಕೂ ಜಾಗ ಇದೆ, ಇಲ್ಲ ಅನ್ನಲ್ಲ. ಆದರೆ ಟೀಸರಿನಲ್ಲಿ ಹೃದಯದ ಎರಡು ಗೆರೆ ಕೂಡೋ ಮೊದಲೇ ಕಟ್ ಮಾಡಬೇಕು. ಅಥವಾ ಹೃದಯವನ್ನೇ ತೋರಿಸಬಾರದು. ನನ್ನ ಕೇಳಿದ್ರೆ ಎರಡನೇದೇ ಸರಿ. ಅದನ್ನ ಎಲ್ಲರೂ ಫೋನಲ್ಲಿ ನೋಡಿಬಿಟ್ಟಿದಾರೆ, ಜೊತೆಗೆ ನಿನ್ನ ಶಾಟಿನಲ್ಲಿ ಗಾಳಿಗೆ ಹೊಗೆ ಕದಡಿ ಹೃದಯ ಬದನೆಕಾಯಿ ಆಗಿದೆ.

— ಹಾಗಾದ್ರೆ ಇಡೀ ದಿನದಲ್ಲಿ ಯಾವುದನ್ನ ಹಿಡ್ಕೊಳ್ಳೋದು?

— ಅದಕ್ಕೇ ನಿನ್ನ ಕಟ್ ಪಕ್ಕಕ್ಕಿಟ್ಟು ಮೂರೂವರೆ ಗಂಟೇನೂ ನೋಡಿದೆ. ಎಲ್ಲೂ ನಿಲ್ಲಿಸದೆ, ಬರೀ ಮಾರ್ಕರ್ ಒತ್ತುತ್ತಾ. ಮೊದಲ ಸಲ ನೋಡುವಾಗ ಕಟ್ ಮಾಡಬಾರದು ಅನ್ನೋದು ನನ್ನ ಹಠ. ಮೊದಲ ಸಲ ಬೆಚ್ಚಿಬಿದ್ದದ್ದು ಎಲ್ಲಿ, ಬೇಸರ ಬಂದದ್ದು ಎಲ್ಲಿ ಅಂತ ಗೊತ್ತಾಗೋದು ಆ ಒಂದೇ ಸಲ. ಆಮೇಲೆ ಕಣ್ಣಿಗೆ ಎಲ್ಲ ಅಭ್ಯಾಸ ಆಗಿಬಿಡುತ್ತೆ. ನಾನು ಬೆಚ್ಚಿಬಿದ್ದ ಕಡೆ ಕೆಂಪು ಮಾರ್ಕರ್ ಹಾಕಿದೀನಿ. ಅವುಗಳಲ್ಲಿ ಅರ್ಧಕ್ಕರ್ಧ ಒಂದೇ ಥರ ಇವೆ. ನೀನೇ ನೋಡು.

— ವಿಮಾನ ಹೋಗ್ತಿದೆ, ಸದ್ದಿಲ್ಲ... ಹೋಯ್ತು... ಈಗ ಬಂತು ಸದ್ದು. ಇದು ಸಿಂಕ್ ತಪ್ಪಿದೆ ಅಂತ ನಾನು ಎಲ್ಲ ಕಡೆ ಸದ್ದನ್ನ ಹಿಂದಕ್ಕೆ ಎಳೆದು ಸರಿ ಮಾಡಿದ್ದೆ.

— ಸಿಂಕ್ ತಪ್ಪಿಲ್ಲ. ಎಂಜಿನಿಯರಿಂಗ್ ಓದೋನು ನೀನು, ನಂಗೆ ಹೇಳು. ವಿಮಾನ ಒಂದು ಕಿಲೋಮೀಟರ್ ದೂರದಲ್ಲಿದ್ದರೆ?

— ಫೆಬ್ರುವರಿ ಬಿಸಿಲಿಗೆ ಸದ್ದು ಸೆಕೆಂಡಿಗೆ ಸುಮಾರು 345 ಮೀಟರ್ ಹೋಗುತ್ತೆ. ಒಂದು ಕಿಲೋಮೀಟರ್‌ಗೆ ಹತ್ತಿರ ಹತ್ತಿರ ಮೂರು ಸೆಕೆಂಡ್. ಅಷ್ಟರಲ್ಲಿ ಗಂಟೆಗೆ 600 ಕಿಲೋಮೀಟರ್ ವೇಗದ ವಿಮಾನ ಅರ್ಧ ಕಿಲೋಮೀಟರ್ ಮುಂದೆ ಹೋಗಿರುತ್ತೆ. ಅದಕ್ಕೇ ಸದ್ದು ಬಂದ ಕಡೆ ತಿರುಗಿದ್ರೆ ಅಲ್ಲಿ ಬರೀ ಆಕಾಶ ಇರುತ್ತೆ.

— ಯಲಹಂಕದಲ್ಲಿ ನಿಂತು ನೋಡಿದವರಿಗೆಲ್ಲ ಆಗೋ ಅನುಭವ ಅದು. 1996ರಿಂದ ಎರಡು ವರ್ಷಕ್ಕೊಮ್ಮೆ ಊರಿಗೆ ಊರೇ ಕತ್ತು ಹೊರಳಿಸುತ್ತೆ. ಆ ಮೂರು ಸೆಕೆಂಡು ನಿನಗೆ ಪುಕ್ಕಟೆ ಸಿಕ್ಕಿದ್ದು. ಅದನ್ನ ತಪ್ಪು ಅಂದ್ಕೊಂಡು ತಿದ್ದಿಬಿಟ್ಟೆ. ನಿನ್ನ ಟೀಸರಿನ ಬೆನ್ನೆಲುಬು ಅದೇ ಆಗಬೇಕು. ವಿಮಾನ ಮುಂದೆ, ಸದ್ದು ಹಿಂದೆ. ನೋಡುವವರಿಗೆ ಈ ನಿಯಮ ಒಂದು ಸಲ ಕಲಿಸು, ಕೊನೆಯಲ್ಲಿ ಅವರು ತಾವೇ ಸದ್ದಿಗೆ ಕಾಯೋ ಹಾಗೆ ಮಾಡು.

— ಎಲ್ಲ ಶಾಟಿಗೂ ಮೂರು ಸೆಕೆಂಡ್ ಕೊಟ್ರೆ ಒಂದು ನಿಮಿಷದಲ್ಲಿ ಇಪ್ಪತ್ತೇ ಶಾಟ್ ಆಗುತ್ತೆ.

— ಎಲ್ಲ ಶಾಟಿಗೂ ಅಲ್ಲ. ಎರಡೇ ಕಡೆ. ನಡುವೆ ಇರೋದಕ್ಕೆಲ್ಲ ನೀನು ಮಾಡಿದ ಹಾಗೆ ಸದ್ದನ್ನ ಎಳೆದು ಚಿತ್ರಕ್ಕೆ ಕೂರಿಸು, ಯಾರೂ ಬೇಡ ಅನ್ನಲ್ಲ. ಸಂಗೀತ ಓಡುವಾಗ ಆ ತಡ ಗೊಂದಲ ಮಾಡುತ್ತೆ, ಅಲ್ಲಿ ಅದು ಬೇಕಿಲ್ಲ. ಸರಿ, ಈಗ ಲೆಕ್ಕಕ್ಕೆ ಬಾ. ನಿನ್ನ ಹಾಡಿನ ಟೆಂಪೋ ಎಷ್ಟು?

— ನಿಮಿಷಕ್ಕೆ 120 ಬೀಟ್. ಟೈಮ್‌ಲೈನ್ 25 ಫ್ರೇಮಿಂದು.

— ಅರ್ಧ ಸೆಕೆಂಡಿಗೊಂದು ಬೀಟ್ ಆಯ್ತು. 25 ಫ್ರೇಮಿನ ಟೈಮ್‌ಲೈನಲ್ಲಿ ಅರ್ಧ ಸೆಕೆಂಡ್ ಅಂದ್ರೆ ಹನ್ನೆರಡೂವರೆ ಫ್ರೇಮ್. ಅರ್ಧ ಫ್ರೇಮನ್ನ ಎಲ್ಲಿ ಕತ್ತರಿಸ್ತೀಯ? ಒಂದು ಕಟ್ ಹನ್ನೆರಡಕ್ಕೆ, ಮುಂದಿನದು ಹದಿಮೂರಕ್ಕೆ. ಒಂದೊಂದೇ ನೋಡಿದರೆ ಗೊತ್ತಾಗಲ್ಲ. ಅರ್ಧರ್ಧ ಸೆಕೆಂಡಿನ ಕಟ್ ಸಾಲಾಗಿ ಬಂದಾಗ ಸ್ವಲ್ಪ ಕುಂಟಿದ ಹಾಗೆ ಕಾಣುತ್ತೆ, ಯಾಕೆ ಅಂತ ತಿಳಿಯಲ್ಲ. 30 ಫ್ರೇಮಿನ ಟೈಮ್‌ಲೈನ್ ತಗೋ. ಬೀಟಿಗೆ 15 ಫ್ರೇಮ್, ನಾಲ್ಕು ಬೀಟಿನ ಬಾರಿಗೆ 60 ಫ್ರೇಮ್, ಎರಡು ಸೆಕೆಂಡ್. ಒಂದು ನಿಮಿಷಕ್ಕೆ ಮೂವತ್ತು ಬಾರ್. 25ರಲ್ಲೇ ಇರಬೇಕು ಅಂದಿದ್ರೆ 125 ಬೀಟಿನ ಹಾಡು ಹುಡುಕಬೇಕಿತ್ತು, ಆಗ ಬೀಟಿಗೆ ಸರಿಯಾಗಿ 12 ಫ್ರೇಮ್ ಬರುತ್ತೆ. ಆದರೆ ನಿನ್ನ ಕ್ಯಾಮೆರಾ, ಫೋನ್ ಎಲ್ಲ 30ರಲ್ಲೇ ತೆಗೆದಿವೆ. ಅದನ್ನ 25ಕ್ಕೆ ಇಳಿಸಿದ್ರೆ ಸೆಕೆಂಡಿಗೆ ಐದು ಫ್ರೇಮ್ ಉದುರುತ್ತೆ, ವಿಮಾನವನ್ನ ಹಿಂಬಾಲಿಸಿ ತಿರುಗಿಸಿದ ಶಾಟೆಲ್ಲ ಜರ್ಕ್ ಹೊಡೆಯುತ್ತೆ.

— ಫೋನಿನ ಫೂಟೇಜಲ್ಲಿ ಸದ್ದು ಹೋಗ್ತಾ ಹೋಗ್ತಾ ಜಾರುತ್ತೆ. ಶುರುವಲ್ಲಿ ಸರಿ ಇರುತ್ತೆ, ಹತ್ತು ನಿಮಿಷ ಆದ್ಮೇಲೆ ಬಾಯೇ ಬೇರೆ, ಮಾತೇ ಬೇರೆ.

— ಫೋನು 30 ಅಂತ ಹೇಳುತ್ತೆ, ಆದರೆ ಬೆಳಕು ನೋಡ್ಕೊಂಡು 28, 29, 30 ಅಂತ ಫ್ರೇಮ್ ರೇಟ್ ಬದಲಾಯಿಸ್ತಾನೇ ಇರುತ್ತೆ. ಎಡಿಟಿಂಗಿಗೆ ತರೋ ಮೊದಲು ಹ್ಯಾಂಡ್‌ಬ್ರೇಕ್‌ನಲ್ಲಿ Constant Framerate ಆರಿಸಿ ಒಂದು ಸಲ ತಿರುಗಿಸ್ಕೊ. ಸದ್ದಿನ ತಡಾನೇ ನಿನ್ನ ಕಥೆ ಆಗಿರುವಾಗ ಯಾವುದು ಯಲಹಂಕದ ತಡ, ಯಾವುದು ಫೋನಿನ ತಡ ಅನ್ನೋದು ಕಲಸಬಾರದು.

— ಸರಿ. ಮೂವತ್ತು ಬಾರ್. ಮೊದಲ ಬಾರಿಂದ ಸಂಗೀತ ಶುರುವಾ?

— ಇಲ್ಲ. ಮೊದಲ ಹದಿನಾರು ಸೆಕೆಂಡು ಸಂಗೀತಾನೇ ಇಲ್ಲ.

— ಹದಿನಾರು? ಫೋನಲ್ಲಿ ನೋಡೋರು ಮೂರನೇ ಸೆಕೆಂಡಿಗೆ ಮುಂದಕ್ಕೆ ತಳ್ಳಿ ಹೋಗ್ತಾರೆ ಅಕ್ಕ.

— ಮೊದಲ ಶಾಟ್ ಸುಮ್ಮನೆ ಇದ್ದರೆ ಹೋಗ್ತಾರೆ. ನಿನ್ನ ಫೂಟೇಜಲ್ಲಿ ಒಂದು ಮಗು ಇದೆ, ಅಪ್ಪನ ಹೆಗಲ ಮೇಲೆ. ಎರಡು ಕೈಯಲ್ಲೂ ಕಿವಿ ಮುಚ್ಚಿಕೊಂಡಿದೆ, ಇನ್ನೂ ಯಾವ ಸದ್ದೂ ಬಂದಿಲ್ಲ. ವಿಮಾನ ಕಂಡ ಕೂಡಲೇ ಮುಚ್ಚಿಕೊಂಡಿದೆ ಪಾಪ, ಹಿಂದಿನ ವಿಮಾನದ ಅನುಭವ. ಅದೇ ಮೊದಲ ಶಾಟ್, ನಾಲ್ಕು ಸೆಕೆಂಡ್. ನಿಶ್ಶಬ್ದದಲ್ಲಿ ಕಿವಿ ಮುಚ್ಚಿಕೊಂಡ ಮಗೂನ ನೋಡಿ ಯಾರು ಮುಂದಕ್ಕೆ ತಳ್ತಾರೆ? ಎರಡನೇದು ಬಸ್ಸಿನ ಕಿಟಕಿಯಿಂದ ಬಳ್ಳಾರಿ ರಸ್ತೆ, ಎಲ್ಲರೂ ಒಂದೇ ಕಡೆ ಕತ್ತೆತ್ತಿರೋದು. ಮೂರನೇದು ಆ ಹದ್ದು.

— ಹದ್ದಾ? ಅದನ್ನ ವಿಮಾನ ಅಂದ್ಕೊಂಡು ಜೂಮ್ ಮಾಡಿ ಬೇಜಾರಾಗಿತ್ತು ನಂಗೆ.

— ಅದೇ ಚೆನ್ನಾಗಿರೋದು. ಈ ಸಲದ ಪ್ರದರ್ಶನಕ್ಕೆ ಹದ್ದು ಬರಬಾರದು ಅಂತ ವಾಯುನೆಲೆಯ ಸುತ್ತ 13 ಕಿಲೋಮೀಟರ್ ಒಳಗೆ ಮಾಂಸದ ಅಂಗಡಿ ಮುಚ್ಚಿಸಿದ್ದರು, ಜನವರಿ 23ರಿಂದ ಫೆಬ್ರುವರಿ 17ರವರೆಗೆ. ನಮ್ಮ ಬೀದಿಯ ಬಿರಿಯಾನಿ ಅಂಗಡಿಯವನ ಮುಖ ನೀನು ನೋಡಬೇಕಿತ್ತು. ಆದರೂ ಒಂದು ಬಂದಿದೆ. ನೋಡೋರು ಚುಕ್ಕೆಯನ್ನ ವಿಮಾನ ಅಂದ್ಕೊಳ್ತಾರೆ, ಅದು ನಿಧಾನಕ್ಕೆ ರೆಕ್ಕೆ ಓರೆ ಮಾಡುತ್ತೆ, ಸ್ವಲ್ಪ ನಗ್ತಾರೆ. ಆ ನಗು ಸಡಿಲ ಬಿಟ್ಟ ಹೊತ್ತಿಗೆ ನಾಲ್ಕನೇ ಶಾಟ್: ವಿಮಾನ ಎಡದಿಂದ ಬಲಕ್ಕೆ ಸದ್ದಿಲ್ಲದೆ ಹಾದುಹೋಗುತ್ತೆ. ಶಾಟ್ ಶುರುವಾಗಿ ಒಂದು ಸೆಕೆಂಡಿಗೆ ಅದು ಚೌಕಟ್ಟು ದಾಟಿರಬೇಕು. ಆಮೇಲೆ ಮೂರು ಸೆಕೆಂಡ್ ಬರೀ ಆಕಾಶ. ಹದಿನಾರನೇ ಸೆಕೆಂಡಿಗೆ ಸದ್ದು, ಅದರ ಜೊತೆಗೇ ಸಂಗೀತ, ಅದರ ಜೊತೆಗೇ ಕಟ್.

— ಆ ಮೂರು ಸೆಕೆಂಡಲ್ಲಿ ಪೂರ್ತಿ ಸದ್ದು ತೆಗೆದುಬಿಡಲಾ?

— ಬೇಡ. ಪೂರ್ತಿ ತೆಗೆದರೆ ಫೋನ್ ಕೆಟ್ಟಿದೆ ಅಂದ್ಕೊಳ್ತಾರೆ. ಗಾಳಿ, ದೂರದಲ್ಲಿ ಯಾರೋ ಕೆಮ್ಮಿದ್ದು, ನೀರಿನ ಬಾಟಲಿ ಹಿಂಡಿದ್ದು, ಇಷ್ಟು ಇರಲಿ. ಇದಕ್ಕೆ ಮೈದಾನದ ಧ್ವನಿವರ್ಧಕದಲ್ಲಿ ಹಾಡಾಗಲೀ ವಿವರಣೆಯಾಗಲೀ ಇಲ್ಲದ ತುಣುಕನ್ನೇ ಹುಡುಕಬೇಕು. ಚಿತ್ರ ಕತ್ತರಿಸಿದರೂ ಹಿಂದಿನ ಹಾಡು ಕತ್ತರಿಸಿದ್ದು ಕಿವಿಗೆ ತಕ್ಷಣ ಸಿಕ್ಕಿಬೀಳುತ್ತೆ. ಪ್ರತಿ ಕಟ್ಟಿಗೂ ಹಾಡು ಹಾರುತ್ತೆ, ನಿನ್ನ ಸಂಗೀತದ ತಾಳಕ್ಕೂ ಅದರ ತಾಳಕ್ಕೂ ಜಗಳ. ಮದುವೆ ವಿಡಿಯೊದಲ್ಲಿ ನಮಗೆ ನಾದಸ್ವರದ ಕಾಟ ಇರೋದೂ ಇದೇ ಥರ. ಎರಡು ಶಾಟ್ ಕೂಡಿಸೋಕೆ ಹೋದರೆ ರಾಗ ನಡುವೆ ಮುರಿದಿರುತ್ತೆ. ನಿನ್ನ ಮೂರೂವರೆ ಗಂಟೆಯಲ್ಲಿ ಹಾಡೂ ವಿವರಣೆಯೂ ಇಲ್ಲದ ಜಾಗಕ್ಕೆಲ್ಲ ಹಸಿರು ಮಾರ್ಕರ್ ಹಾಕಿದೀನಿ. ಕಡಿಮೆ ಇವೆ, ಆದರೆ ಸಾಕು.

— ಹದಿನಾರನೇ ಸೆಕೆಂಡಿನ ಸದ್ದಿಗೆ ಯಾವುದನ್ನ ಹಾಕೋದು? ರಷ್ಯಾದ ಸು-57 ಗುಡುಗಿದ್ದು ಇದೆ, ಎಲ್ಲಕ್ಕಿಂತ ಜೋರು ಅದೇ.

— ಆ ಶಾಟಲ್ಲಿ ಹೋಗ್ತಿರೋ ವಿಮಾನ ಯಾವುದು?

— ತೇಜಸ್.

— ಹಾಗಾದ್ರೆ ತೇಜಸ್ಸಿನದೇ ಹಾಕು. ನಂಗೆ ಎರಡೂ ಒಂದೇ, ನಿಮ್ಮ ಬಳಗದವರಿಗೆ ಒಂದೇ ಅಲ್ಲ. ಒಂದು ಎಂಜಿನ್ನಿನ ವಿಮಾನಕ್ಕೆ ಎರಡು ಎಂಜಿನ್ನಿನ ಸದ್ದು ಹಾಕಿದ್ರೆ ಮೊದಲ ಸಾಲಲ್ಲಿ ಕೂತವನು ಕೂಗ್ತಾನೆ. ಹಾಕ್‌ಗಂತೂ ಆಫ್ಟರ್‌ಬರ್ನರೇ ಇಲ್ಲ ಅಂತ ನೀನೇ ಹೇಳಿದ್ದೆ. ಅದರ ಸದ್ದು ಸಿಳ್ಳೆ ಥರ. ಅದಕ್ಕೆ ಗುಡುಗು ಅಂಟಿಸಬೇಡ.

— ತೇಜಸ್ಸಿನ ಸದ್ದು ಕ್ಯಾಮೆರಾದಲ್ಲಿ ಒಡೆದುಹೋಗಿದೆ. ಕರಕರ ಅನ್ನುತ್ತೆ. ವಾಲ್ಯೂಮ್ ಇಳಿಸಿದ್ರೆ ಸರಿಹೋಗುತ್ತಾ?

— ವೇವ್‌ಫಾರ್ಮ್ ದೊಡ್ಡದು ಮಾಡಿ ನೋಡು. ಜೆಟ್ಟಿನ ಸದ್ದಲ್ಲೇ ಒಂದು ಹರಕು ಇರುತ್ತೆ, ಅದು ನಿಜವಾದ್ದು. ಆಗ ಅಲೆಯ ತುದಿಗಳು ಚೂಪಾಗಿ, ಒಂದು ಎತ್ತರ ಒಂದು ಗಿಡ್ಡ ಇರ್ತವೆ. ಮೈಕು ತಡೆಯಲಾರದೆ ಒಡೆದಿದ್ದರೆ ಎಲ್ಲ ತುದಿಯೂ ಒಂದೇ ಮಟ್ಟಕ್ಕೆ ಕತ್ತರಿಸಿದ ಹುಲ್ಲಿನ ಹಾಗೆ ಸಪಾಟ. ಇದು ಸಪಾಟ. ವಾಲ್ಯೂಮ್ ಇಳಿಸಿದ್ರೆ ಒಡೆದ ಸದ್ದೇ ಮೆತ್ತಗೆ ಕೇಳುತ್ತೆ, ಅಷ್ಟೇ. ನಿನ್ನ ಗೆಳೆಯ ಇನ್ನೂ ಹಿಂದೆ ನಿಂತಿದ್ದನಲ್ಲ, ಅವನ ಕ್ಯಾಮೆರಾದ ಸದ್ದು ತಗೋ, ಅದರಲ್ಲಿ ಮಟ್ಟ ಕೆಳಗಿದೆ. ಫೋನಿನದ್ದು ಮುಟ್ಟಲೇಬೇಡ. ಫೋನು ತಾನೇ ಸದ್ದು ತಗ್ಗಿಸಿ, ವಿಮಾನ ಹೋದಮೇಲೆ ನಿಧಾನಕ್ಕೆ ಏರಿಸುತ್ತೆ. ಜನರ ಗದ್ದಲ ಯಾವುದೋ ಬಾವಿಯಿಂದ ಮೇಲೆ ಬಂದ ಹಾಗೆ ಕೇಳಿಸುತ್ತೆ.

— ಸರಿ, ಹದಿನಾರಕ್ಕೆ ಸಂಗೀತ ಶುರುವಾಯ್ತು. ಇನ್ನು ನನ್ನ ಪದ್ಧತೀಲೇ ಹೋಗಬಹುದಾ? ಎರಡು ಸೆಕೆಂಡು, ಒಂದು ಸೆಕೆಂಡು?

— ಸುಮಾರಾಗಿ ಹಾಗೇ. 16ರಿಂದ 32ರವರೆಗೆ ಎಂಟು ಬಾರ್, ಬಾರಿಗೊಂದು ಶಾಟ್ ಅಂದಾಜು. 32ರಿಂದ 44ರವರೆಗೆ ಆರು ಬಾರ್, ಸೆಕೆಂಡಿಗೊಂದು ಅಂದಾಜು. ಆದರೆ ಕಟ್ಟನ್ನ ಬೀಟಿನ ಮೇಲೆ ಕೂರಿಸೋದು ಬಿಡು. ಬೀಟಿನ ಮೇಲೆ ಬೀಳಬೇಕಾದದ್ದು ಶಾಟಿನ ಒಳಗಿನ ಚಲನೆ. ವಿಮಾನ ತಲೆಕೆಳಗಾಗೋ ಕ್ಷಣ, ಚಕ್ರ ನೆಲ ಮುಟ್ಟಿ ಹೊಗೆ ಎದ್ದ ಕ್ಷಣ, ಟೋಪಿ ಹಾರಿದ ಕ್ಷಣ. ಕಟ್ ಎಲ್ಲೋ ಮುಂಚೆ ಆಗಿರಲಿ, ಆ ಕ್ಷಣ ಬೀಟಿಗೆ ಬೀಳಲಿ. ಆಗ ನೋಡೋರಿಗೆ ವಿಮಾನವೇ ತಾಳ ಹಾಕ್ತಿದೆ ಅನ್ನಿಸುತ್ತೆ, ಕತ್ತರಿ ಕಾಣಲ್ಲ.

— ಬೀಟಿಗೇ ಕಟ್ ಮಾಡಬೇಕಾದ ಕಡೆ?

— ಒಂದೆರಡು ಫ್ರೇಮ್ ಮುಂಚೆ ಮಾಡಿ ನೋಡು. ಹೊಸ ಚಿತ್ರ ಏನು ಅಂತ ಕಣ್ಣಿಗೆ ತಿಳಿಯೋಕೆ ಸ್ವಲ್ಪ ಹೊತ್ತು ಬೇಕು, ಕಿವಿಗೆ ಅಷ್ಟು ಬೇಡ. ಸರಿಯಾಗಿ ಬೀಟಿಗೇ ಕಟ್ ಮಾಡಿದ್ರೆ ಎಷ್ಟೋ ಸಲ ತಡವಾದ ಹಾಗೆ ಕಾಣುತ್ತೆ. ನಿನ್ನ ಕಟ್ಟಲ್ಲಿ ಇನ್ನೊಂದು ತೊಂದರೆ ನೋಡು. ಅರ್ಧ ಸೆಕೆಂಡಿನ ಶಾಟಲ್ಲಿ ವಿಮಾನ ಬಲಮೂಲೆಯಲ್ಲಿ ಚುಕ್ಕೆ. ಮುಂದಿನ ಶಾಟಲ್ಲಿ ಎಡಮೂಲೆಯಲ್ಲಿ ಚುಕ್ಕೆ. ಖಾಲಿ ನೀಲಿಯಲ್ಲಿ ಚುಕ್ಕೆ ಹುಡುಕೋದರಲ್ಲೇ ಅರ್ಧ ಸೆಕೆಂಡು ಮುಗಿದುಹೋಯ್ತು. ನೋಡೋರಿಗೆ ವೇಗ ಕಾಣಲಿಲ್ಲ, ಬರೀ ನೀಲಿ ಮಿಣುಕಿತು. ವಾಲ್ಟರ್ ಮರ್ಚ್ ಅಂತ ಸಂಕಲನಕಾರರು ಒಬ್ಬರಿದ್ದಾರೆ, "ಅಪೊಕ್ಯಾಲಿಪ್ಸ್ ನೌ" ಚಿತ್ರದ ಸದ್ದಿನಲ್ಲೂ ಸಂಕಲನದಲ್ಲೂ ಅವರ ಕೈ ಇತ್ತು. ಕಟ್ ಎಲ್ಲಿ ಮಾಡಬೇಕು ಅನ್ನೋದಕ್ಕೆ ಅವರು ಆರು ಅಂಶಗಳಿಗೆ ನೂರರಲ್ಲಿ ಪಾಲು ಕೊಟ್ಟಿದಾರೆ. ಭಾವಕ್ಕೆ 51, ಕಥೆಗೆ 23, ಲಯಕ್ಕೆ 10. ನೋಡೋರ ಕಣ್ಣು ತೆರೆಯ ಮೇಲೆ ಎಲ್ಲಿದೆ ಅನ್ನೋದಕ್ಕೆ 7. ಕಥಾಚಿತ್ರಕ್ಕೆ ಸರಿಯಿರಬಹುದು. ವಿಮಾನ ಪ್ರದರ್ಶನಕ್ಕೆ ಈ ಏಳು ತುಂಬ ಕಡಿಮೆ ಅಂತ ನನ್ನ ಅನಿಸಿಕೆ. ಹಿಂದಿನ ಶಾಟಲ್ಲಿ ವಿಮಾನ ಎಲ್ಲಿಗೆ ಬಂದು ನಿಂತಿತೋ ಮುಂದಿನ ಶಾಟಲ್ಲಿ ಆಸುಪಾಸಿನಲ್ಲೇ ಶುರುವಾಗಬೇಕು. ಆಗ ಒಂದು ಸೆಕೆಂಡ್ ಧಾರಾಳ.

— ಹೊಂದದೆ ಇದ್ರೆ? ನಾನು ತೆಗೆದಿರೋದೇ ಹಾಗಿದೆ.

— 4ಕೆಯಲ್ಲಿ ತೆಗೆದಿದೀಯ, ಟೀಸರ್ ಹೋಗೋದು 1080ರಲ್ಲಿ. ಚೌಕಟ್ಟನ್ನ ಸರಿಸೋಕೆ ಜಾಗ ಇದೆ. ಬೇಕಾದ ಕಡೆ ಚಿತ್ರ ಎಳೆದು ವಿಮಾನವನ್ನ ಕಣ್ಣಿರುವಲ್ಲಿಗೆ ತಂದು ಕೂರಿಸು. ಹಾಗೇ, ನೆಲದ ಯಾವುದೂ ಇಲ್ಲದ ಆಕಾಶದ ಶಾಟ್ ಆದಷ್ಟು ಬಿಡು. ವಿಮಾನ ಎಷ್ಟೇ ವೇಗವಾಗಿರಲಿ, ಹಿಂದೆ ಏನೂ ಇಲ್ಲದಿದ್ದರೆ ತೇಲುತ್ತಿರೋ ಹಾಗೇ ಕಾಣುತ್ತೆ, ಅದೂ ನೀನು ಕ್ಯಾಮೆರಾ ಚೆನ್ನಾಗಿ ಹಿಂಬಾಲಿಸಿದಷ್ಟೂ. ಹ್ಯಾಂಗರ್, ದೀಪದ ಕಂಬ, ಜನರ ತಲೆ, ಮರ, ಇವುಗಳ ಹಿಂದೆ ಹಾದುಹೋದದ್ದು ಆರಿಸು. ನಿನಗೆ ಕೆಟ್ಟ ಶಾಟ್ ಅನ್ನಿಸಿದ್ದು ಒಂದಿದೆ, ಮುಂದೆ ನಿಂತವನ ಕೊಡೆ ಅಡ್ಡ ಬಂದದ್ದು. ಅದರಲ್ಲಿ ವೇಗ ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತೆ.

— ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಎರಡೂ ಇವೆ. ಹೇಗೆ ಬೆರೆಸೋದು?

— ಬೆರೆಸಬೇಡ. 32ರವರೆಗೆ ಎಲ್ಲ ಎಡದಿಂದ ಬಲಕ್ಕೇ ಹೋಗಲಿ. ಒಂದೇ ಕಡೆ ನೂಕುತ್ತಾ ಹೋದರೆ ಒತ್ತಡ ಕಟ್ಟುತ್ತೆ. 32ಕ್ಕೆ ಒಂದು ವಿಮಾನ ಎದುರಿನಿಂದ ಬರಲಿ. ಆಮೇಲೆ ಎರಡೂ ದಿಕ್ಕು. ಸೂರ್ಯಕಿರಣ್‌ನ ಎರಡು ವಿಮಾನ ಎದುರುಬದುರು ನುಗ್ಗಿ ಬರೋದು ಇದೆಯಲ್ಲ, ಅದನ್ನ 43ನೇ ಸೆಕೆಂಡಿನ ಹತ್ತಿರ ಇಡು, ದಾಟೋ ಮೊದಲೇ ಕಟ್.

— ಆ ಕಟ್ ಆದಮೇಲೆ ಬಾಯಿ ಮೇಲೆ ಕೈಯಿಟ್ಟುಕೊಂಡ ಹೆಂಗಸಿನ ಮುಖ ಹಾಕಿದ್ರೆ? ಸಖತ್ತಾಗಿರುತ್ತೆ.

— ಅದನ್ನ ಮಾತ್ರ ಮಾಡಬೇಡ. ಎದುರುಬದುರು ವಿಮಾನ, ದಾಟೋ ಮೊದಲು ಕಟ್, ಬೆಚ್ಚಿದ ಮುಖ. ನೀನು ಹೇಳದೆಯೇ ಅದು ಡಿಕ್ಕಿ ಅಂತ ಹೇಳಿಬಿಡುತ್ತೆ. 2019ರ ಫೆಬ್ರುವರಿ 19ರಂದು ಇದೇ ಯಲಹಂಕದಲ್ಲಿ ಅಭ್ಯಾಸದ ವೇಳೆ ಸೂರ್ಯಕಿರಣ್‌ನ ಎರಡು ವಿಮಾನ ಡಿಕ್ಕಿಯಾಗಿ ಒಬ್ಬ ಪೈಲಟ್ ತೀರಿಕೊಂಡರು. ನೋಡೋಕೆ ಬರೋರಲ್ಲಿ ಆ ಹೊಗೆಯನ್ನ ತಮ್ಮ ಮನೆಯ ಮಾಳಿಗೆಯಿಂದ ಕಂಡವರು ಇರ್ತಾರೆ. ಆ ಹೆಂಗಸು ಕೈಯಿಟ್ಟುಕೊಂಡದ್ದಾದರೂ ಯಾವಾಗ?

— ಐಸ್‌ಕ್ರೀಮ್ ಬಿದ್ದಾಗ.

— ನೋಡು ಮತ್ತೆ. ಎದುರುಬದುರಿನ ನಂತರ ನಗುವ ಮುಖ ಹಾಕು, ಇಲ್ಲವೇ ಸೀದಾ ಮುಂದಿನ ಭಾಗಕ್ಕೆ ಹೋಗು.

— ಮುಂದಿನ ಭಾಗ ಅಂದ್ರೆ 44ರಿಂದ 50. ಅಲ್ಲಿ ಅರ್ಧರ್ಧ ಸೆಕೆಂಡಿನ ಹನ್ನೆರಡು ಶಾಟ್ ಇಟ್ಟಿದ್ದೆ.

— ಅದರ ಬದಲು ಮೂರೇ ಶಾಟ್ ಸಾಕು. ನೀನು ತನಿ ಆವರ್ತನ ಕೇಳಿದೀಯಾ?

— ಮಲ್ಲೇಶ್ವರದಲ್ಲಿ ಅಜ್ಜಿ ಕರ್ಕೊಂಡು ಹೋಗ್ತಿದ್ರು. ಮೃದಂಗ ಶುರುವಾದ ಕೂಡಲೇ ಅರ್ಧ ಜನ ಕಾಫಿಗೆ ಎದ್ದು ಹೋಗ್ತಿದ್ರು.

— ಕೂತವರಿಗೆ ಗೊತ್ತು. ಮೃದಂಗದವರು ಒಂದು ಸೊಲ್ಲಿನ ಗುಂಪನ್ನ ಕಟ್ಟಿ, ಅದನ್ನ ಸುತ್ತು ಸುತ್ತಿಗೂ ಚಿಕ್ಕದು ಮಾಡ್ತಾ ಮಾಡ್ತಾ ಕೊನೆಗೆ ಸಮಕ್ಕೆ ತಂದು ಮುಗಿಸ್ತಾರೆ. ಬುಡ ದಪ್ಪ, ತುದಿ ಸಣ್ಣ, ಹಸುವಿನ ಬಾಲದ ಹಾಗೆ. ಅದಕ್ಕೇ ಗೋಪುಚ್ಛ ಯತಿ ಅಂತ ಹೆಸರು. ನಿನ್ನ ಆರು ಸೆಕೆಂಡಿಗೆ ಅದೇ ಸರಿಯಾದ ಅಚ್ಚು. ಮೂರು ಶಾಟ್ ಆರಿಸು: ಮೇಲೆ ನೋಡ್ತಿರೋ ಕಣ್ಣು, ಕ್ಯಾಮೆರಾ ಎತ್ತಿದ ಕೈ, ಸಾಲಾಗಿ ಬರ್ತಿರೋ ಹೊಗೆ. ಕಣ್ಣು, ಕೈ, ಹೊಗೆ. ಮೊದಲ ಸುತ್ತಲ್ಲಿ ಒಂದೊಂದಕ್ಕೆ 30 ಫ್ರೇಮ್. ಎರಡನೇ ಸುತ್ತಲ್ಲಿ ಅದೇ ಮೂರು, ಒಂದೊಂದಕ್ಕೆ 20. ಮೂರನೇ ಸುತ್ತಲ್ಲಿ ಒಂದೊಂದಕ್ಕೆ 10. ಕೂಡಿಸು.

— 90, 60, 30. ಒಟ್ಟು 180 ಫ್ರೇಮ್. ಆರು ಸೆಕೆಂಡ್, ಸರಿಯಾಗಿ ಮೂರು ಬಾರ್!

— ಕಟ್ ಎಲ್ಲಿ ಬೀಳ್ತಿವೆ ನೋಡು. ಬೀಟು 15 ಫ್ರೇಮಿಗೊಂದು. ಮೊದಲ ಸುತ್ತಿನ 30ರ ಕಟ್ಟುಗಳು ಎರಡು ಬೀಟಿಗೊಂದರಂತೆ ಸೀದಾ ಬೀಳ್ತವೆ. ಎರಡನೇ ಸುತ್ತಿನ 20ರ ಕಟ್ಟುಗಳು ಬೀಟಿಗೆ ಸಿಗಲ್ಲ. ನಾಲ್ಕು ಬೀಟಿನ ಜಾಗದಲ್ಲಿ ಮೂರು ಶಾಟ್, ಚತುರಶ್ರ ತಾಳದ ಮೇಲೆ ತಿಸ್ರ ನಡೆ. ಮೂರನೇ ಸುತ್ತಲ್ಲಿ ಎರಡು ಬೀಟಿನೊಳಗೆ ಮೂರು. ತಾಳ ತಪ್ಪಿತಾ ಅಂತ ನೋಡೋರು ಒಂದು ಕ್ಷಣ ತೊಯ್ದಾಡ್ತಾರೆ, ಅಷ್ಟರಲ್ಲಿ ಮೂರನೇ ಬಾರ್ ಮುಗಿದು ಸಮಕ್ಕೆ ಬಂದಿರ್ತೀಯ. ನಿನ್ನ ಹನ್ನೆರಡು ಅರ್ಧ ಸೆಕೆಂಡುಗಳು ಎಷ್ಟೇ ಚುರುಕಾಗಿದ್ರೂ ಸಮತಟ್ಟು. ಅದರಲ್ಲಿ ಏರುವುದು ಏನೂ ಇಲ್ಲ.

— 10 ಫ್ರೇಮಲ್ಲಿ ಕಣ್ಣಿಗೆ ಏನು ಕಾಣುತ್ತೆ? ಆಗಲೇ ಅರ್ಧ ಸೆಕೆಂಡೂ ಸಾಲದು ಅಂದ್ರಿ.

— ಹೊಸ ಶಾಟ್ ಆಗಿದ್ರೆ ಸಾಲದು. ಇದು ಮೂರನೇ ಸಲ ಬರ್ತಿರೋ ಚಿತ್ರ, ಗುರುತು ಸಿಗೋಕೆ ಹತ್ತು ಫ್ರೇಮ್ ಸಾಕು. ಅದಕ್ಕೇ ಮೂರೇ ಶಾಟ್ ಅಂದದ್ದು. ಮೂರೂ ದೊಡ್ಡ ದೊಡ್ಡ ಆಕಾರಗಳಾಗಿರಲಿ, ನಡುವಿನಲ್ಲೇ ಇರಲಿ. ಒಂದು ಎಚ್ಚರ: ಅದೇ ಫ್ರೇಮುಗಳನ್ನ ಮತ್ತೆ ಹಾಕಬೇಡ. ಅದೇ ಶಾಟಿನ ಮುಂದಿನ ಭಾಗ ಹಾಕು. ಕಣ್ಣು ಇನ್ನಷ್ಟು ಅಗಲ ಆಗಿರಲಿ, ಕೈ ಇನ್ನಷ್ಟು ಮೇಲೆ ಬಂದಿರಲಿ, ಹೊಗೆ ಇನ್ನಷ್ಟು ಹತ್ತಿರ ಬಂದಿರಲಿ. ಇಲ್ಲದಿದ್ರೆ ವಿಡಿಯೊ ಸಿಕ್ಕಿಹಾಕಿಕೊಂಡಿದೆ ಅನ್ನಿಸುತ್ತೆ.

— 50ಕ್ಕೆ ಸಮ. ಅಲ್ಲಿ ದೊಡ್ಡ ಸ್ಫೋಟದ ಸದ್ದಾ?

— ಅಲ್ಲಿ ಎಲ್ಲ ನಿಲ್ಲುತ್ತೆ. ಸಂಗೀತ ನಿಲ್ಲುತ್ತೆ, ಬರೀ ಗಾಳಿ. ಅಗಲವಾದ ಒಂದೇ ಶಾಟ್, ಐದು ಸೆಕೆಂಡ್: ಒಂಬತ್ತು ಹಾಕ್‌ಗಳು ದೂರದಲ್ಲಿ, ಬಾಣದ ಆಕಾರದಲ್ಲಿ, ಸದ್ದಿಲ್ಲದೆ ತಲೆಯ ಮೇಲಿಂದ ದಾಟ್ತಿವೆ. ಹದಿನಾರನೇ ಸೆಕೆಂಡಲ್ಲಿ ನೀನು ನಿಯಮ ಕಲಿಸಿದೀಯ, ಈಗ ನೋಡೋರ ಮೈ ತಾನೇ ಬಿಗಿ ಆಗುತ್ತೆ, ಸದ್ದು ಬರುತ್ತೆ ಅಂತ ಕಾಯ್ತಾರೆ. 55ಕ್ಕೆ ತೆರೆ ಕಪ್ಪು. ನಿಮ್ಮ ಚಿತ್ರದ ಹೆಸರು, ತಾರೀಖು. ಆ ಕಪ್ಪಿನ ಮೇಲೆ ಸದ್ದು ಬರಲಿ, ಒಂಬತ್ತು ವಿಮಾನದ ಸದ್ದು, ಚಿತ್ರವಿಲ್ಲದೆ.

— ಅಂದ್ರೆ ಚಿತ್ರ ಇದ್ದಾಗ ಸದ್ದಿಲ್ಲ, ಸದ್ದಿದ್ದಾಗ ಚಿತ್ರ ಇಲ್ಲ. ಎರಡೂ ಒಟ್ಟಿಗೆ ನೋಡಬೇಕು ಅಂದ್ರೆ ಪೂರ್ತಿ ಚಿತ್ರಕ್ಕೆ ಬರಬೇಕು.

— ಬಂದ್ರೆ ಬಂದ್ರು. ಬರದಿದ್ರೂ ಹೆಸರು, ತಾರೀಖು ಓದಿಸಿಕೊಂಡಿತಲ್ಲ. ಹೆಸರಿನ ಹಿಂದೆ ಚಿತ್ರ ಓಡಿಸಿದ್ರೆ ಯಾರೂ ಓದಲ್ಲ.

— ಒಂದು ಅನುಮಾನ. ಬಳಗದ ಹಿರಿಯರು ಎಫ್-35 ಎಲ್ಲಿ, ಸು-57 ಎಲ್ಲಿ ಅಂತ ಕೇಳ್ತಾರೆ. ಎರಡೂ ಭಾರತದ ಒಂದೇ ಪ್ರದರ್ಶನಕ್ಕೆ ಬಂದದ್ದು ಇದೇ ಮೊದಲು. ಅದನ್ನ ಬಿಟ್ರೆ ಬೈತಾರೆ.

— 16ರಿಂದ 32ರ ನಡುವೆ ಎಂಟು ಬಾರ್ ಇದೆ, ಅಲ್ಲಿ ಒಂದೊಂದು ಶಾಟ್ ಕೊಡು. ಅದಕ್ಕಿಂತ ಹೆಚ್ಚು ಕೊಡಬೇಡ. ಬಂದ ಗಣ್ಯರೆಲ್ಲರ ಮುಖ ಇರಬೇಕು ಅಂತ ಮದುವೆ ಮನೆಯವರೂ ಹೇಳ್ತಾರೆ. ಅವರಿಗೆ ನಾನು ಬೇರೆಯೇ ಒಂದು ಉದ್ದದ ವಿಡಿಯೊ ಮಾಡಿಕೊಡ್ತೀನಿ, ಅದರಲ್ಲಿ ಎಲ್ಲರೂ ಇರ್ತಾರೆ, ಅದನ್ನ ಯಾರೂ ನೋಡಲ್ಲ.

— ಮುಗಿಸಿದ ಮೇಲೆ ಸರಿಯಾಗಿದೆ ಅಂತ ತಿಳಿಯೋದು ಹೇಗೆ? ಇಷ್ಟು ಸಲ ನೋಡಿ ನಂಗೆ ಎಲ್ಲ ಸಪ್ಪೆ ಅನ್ನಿಸೋಕೆ ಶುರುವಾಗಿದೆ.

— ಮಾನಿಟರ್ ಆರಿಸಿ ಬರೀ ಕೇಳು. ಚಿತ್ರವಿಲ್ಲದೆಯೂ ಏನೋ ಹತ್ತಿರ ಬರ್ತಿದೆ ಅನ್ನಿಸಬೇಕು. ಆಮೇಲೆ ಸದ್ದು ಮುಚ್ಚಿ ಬರೀ ನೋಡು. 32 ದಾಟಿದ ಮೇಲೆ ನಿನ್ನ ಕಣ್ಣು ತೆರೆಯ ಮೇಲೆ ಎಲ್ಲಾದರೂ ಹುಡುಕಾಡಿದರೆ ಆ ಕಟ್ ತಿದ್ದಬೇಕು. ಮೂರನೇದಾಗಿ, ಈ ವಿಷಯ ಏನೂ ಗೊತ್ತಿಲ್ಲದ ಒಬ್ಬರಿಗೆ ತೋರಿಸು. ತೆರೆ ನೋಡಬೇಡ, ಅವರ ಮುಖ ನೋಡು. 50ರಿಂದ 55ರ ನಡುವೆ ಅವರು ಮಾತಾಡಿದರೆ, ಇಲ್ಲವೇ ಫೋನಿನ ವಾಲ್ಯೂಮ್ ಗುಂಡಿ ಮುಟ್ಟಿದರೆ, ಮೊದಲ ಸಲ ನೀನು ನಿಯಮ ಕಲಿಸಿದ್ದು ಸಾಲಲಿಲ್ಲ ಅಂತ ಅರ್ಥ. ಆಗ 12ರಿಂದ 16ರ ಶಾಟನ್ನ ಬದಲಾಯಿಸಬೇಕು, ಕೊನೆಯದನ್ನಲ್ಲ.

— ಎಲ್ಲರೂ ಫೋನಿನ ಸ್ಪೀಕರಲ್ಲೇ ಕೇಳೋದು. ಆ ಗುಡುಗು ಅದರಲ್ಲಿ ಬರುತ್ತಾ?

— ತಳದ ಗುಡುಗು ಬರಲ್ಲ. ಫೋನಿನ ಪುಟ್ಟ ಸ್ಪೀಕರಿಗೆ ಆ ಶಕ್ತಿ ಇಲ್ಲ. ಬಟ್ಟೆ ಹರಿದ ಹಾಗಿನ ಸದ್ದು ಇದೆಯಲ್ಲ, ಗುಡುಗಿನ ಮೇಲುಪದರ, ಅದು ಬರುತ್ತೆ. ಹಾಗಾಗಿ ಅದು ಚೆನ್ನಾಗಿರೋ ತುಣುಕನ್ನೇ ಆರಿಸು. ಕಡೆಯ ಮಿಕ್ಸ್ ಮಾಡುವಾಗ ನನ್ನ ಈ ದೊಡ್ಡ ಸ್ಪೀಕರಿನಲ್ಲಿ ಕೇಳಿ ಖುಷಿಪಡಬೇಡ, ಫೋನಿಗೆ ಹಾಕಿ ಕೇಳು. ಮತ್ತೆ ಸಂಗೀತವನ್ನ 16ರಿಂದ 50ರವರೆಗೆ ತೀರಾ ಮೇಲಕ್ಕೆ ಕೂರಿಸಬೇಡ. ಅಲ್ಲೇ ಗರಿಷ್ಠ ಮುಟ್ಟಿಬಿಟ್ರೆ 55ಕ್ಕೆ ಬರೋ ಸದ್ದಿಗೆ ಏರೋಕೆ ಜಾಗ ಉಳಿಯಲ್ಲ.

— ಇವತ್ತು ರಾತ್ರಿಯೇ ಕೂತು ಮಾಡ್ತೀನಿ.

— ಮೊದಲು ಫೋನಿನ ಫೂಟೇಜ್ ತಿರುಗಿಸೋಕೆ ಹಾಕು, ಅದಕ್ಕೆ ಹೊತ್ತು ಹಿಡಿಯುತ್ತೆ. ಹಾಂ, ಆ ಕೊಡೆಯ ಶಾಟ್ ಅಳಿಸಿಲ್ಲ ತಾನೇ?